ಶೇ. 44 ಎಂದರೆ ಎಷ್ಟು ಜನ? ಔಷಧ ಪ್ರಯೋಗದ ಸುದ್ದಿಯನ್ನು ನಾನು ಓದುವ ಬಗೆ

‘ಅಪಾಯ ಶೇ. 44ರಷ್ಟು ಇಳಿಕೆ’ ಎಂಬ ತಲೆಬರಹ ಕಂಡಾಗ ನಾನು ಮೊದಲು ಹುಡುಕುವುದು ನಾಲ್ಕು ಅಂಕಿಗಳನ್ನು. ಔಷಧ ತೆಗೆದುಕೊಂಡವರು ಎಷ್ಟು ಜನ, ಅವರಲ್ಲಿ ತೊಂದರೆಯಾದದ್ದು ಎಷ್ಟು ಜನಕ್ಕೆ. ಹುಸಿ ಮಾತ್ರೆ ತೆಗೆದುಕೊಂಡವರು ಎಷ್ಟು, ಅವರಲ್ಲಿ ಎಷ್ಟು ಜನಕ್ಕೆ. ಸುದ್ದಿಯಲ್ಲಿ ಇವು ಸಿಗುವುದು ಅಪರೂಪ. ಮೂಲ ಪ್ರಬಂಧದ ಸಾರಾಂಶದಲ್ಲಿ ಅಥವಾ ಫಲಿತಾಂಶದ ಕೋಷ್ಟಕದಲ್ಲಿ ಮಾತ್ರ ಸಾಮಾನ್ಯವಾಗಿ ಇದ್ದೇ ಇರುತ್ತವೆ.

ಲೆಕ್ಕ ಹೇಗೆ ನಡೆಯುತ್ತದೆ ಎಂದು ತೋರಿಸಲು 2008ರ ನವೆಂಬರ್‌ನಲ್ಲಿ ಪ್ರಕಟವಾದ ಜುಪಿಟರ್ ಪ್ರಯೋಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ರೋಸುವಾಸ್ಟ್ಯಾಟಿನ್ ಎಂಬ ಕೊಲೆಸ್ಟರಾಲ್ ಮಾತ್ರೆಯನ್ನು ದಿನಕ್ಕೆ 20 ಮಿ.ಗ್ರಾಂನಂತೆ ಕೊಟ್ಟು ನೋಡಿದ ಪ್ರಯೋಗ ಅದು. ಭಾಗವಹಿಸಿದವರಿಗೆ ಹೃದ್ರೋಗ ಇರಲಿಲ್ಲ, ಕೆಟ್ಟ ಕೊಲೆಸ್ಟರಾಲ್ 130ಕ್ಕಿಂತ ಕಡಿಮೆ ಇತ್ತು. ಆದರೆ ರಕ್ತದಲ್ಲಿ ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನ್ ಹೆಚ್ಚಾಗಿತ್ತು. ಒಟ್ಟು 17,802 ಜನ, ಸರಿಯಾಗಿ ಎರಡು ಪಾಲು: ಒಂದೊಂದು ಗುಂಪಿಗೆ 8,901.

ಹುಸಿ ಮಾತ್ರೆಯ ಗುಂಪಿನಲ್ಲಿ 251 ಜನಕ್ಕೆ ತೊಂದರೆಯಾಯಿತು, ಔಷಧದ ಗುಂಪಿನಲ್ಲಿ 142 ಜನಕ್ಕೆ. ಈಗ ಇದೇ ಅಂಕಿಗಳಿಂದ ಎರಡು ಲೆಕ್ಕ ಮಾಡಬಹುದು. 142ನ್ನು 251ರಿಂದ ಭಾಗಿಸಿದರೆ 0.57 ಬರುತ್ತದೆ, ಅಂದರೆ ಸುಮಾರು ಶೇ. 43ರಷ್ಟು ಇಳಿಕೆ. ಇದು ಸಾಪೇಕ್ಷ ಅಪಾಯದ ಲೆಕ್ಕ. ಪ್ರಬಂಧದಲ್ಲಿ 44 ಎಂದಿದೆ. ತೊಂದರೆ ಯಾವಾಗ ಆಯಿತು ಎಂಬ ಕಾಲವನ್ನೂ ಸೇರಿಸಿ ಸಂಶೋಧಕರು ಲೆಕ್ಕ ಹಾಕುವುದರಿಂದ ಇಷ್ಟು ಚೂರು ವ್ಯತ್ಯಾಸ ಬರುವುದು ಸಹಜ. ನಿಮ್ಮ ಲೆಕ್ಕ 43 ಬದಲು 20 ಬಂದರೆ ಮಾತ್ರ, ಎಲ್ಲೋ ಬೇರೆ ಸಾಲಿನ ಅಂಕಿ ಓದಿದ್ದೀರಿ ಎಂದರ್ಥ.

ಎರಡನೆಯದು ಬರಿಯ ಕಳೆಯುವ ಲೆಕ್ಕ. 8,901ರಲ್ಲಿ 251 ಎಂದರೆ ಶೇ. 2.8, 142 ಎಂದರೆ ಶೇ. 1.6. ವ್ಯತ್ಯಾಸ 1.2. ಇದೇ ನಿರಪೇಕ್ಷ ಅಪಾಯದ ಇಳಿಕೆ. 100 ಜನರ ಮಾತಿನಲ್ಲಿ ಹೇಳುವುದಾದರೆ, ಮಾತ್ರೆ ತೆಗೆದುಕೊಳ್ಳದಿದ್ದರೂ 97 ಜನಕ್ಕೆ ಆ ಅವಧಿಯಲ್ಲಿ ಏನೂ ಆಗುತ್ತಿರಲಿಲ್ಲ. ತೆಗೆದುಕೊಂಡರೆ ಆ 97, 98ರ ಆಸುಪಾಸಿಗೆ ಬರುತ್ತದೆ. 8,901ನ್ನು 109ರಿಂದ (251ರಲ್ಲಿ 142 ಕಳೆದದ್ದು) ಭಾಗಿಸಿದರೆ 82: ಒಬ್ಬರಿಗೆ ತೊಂದರೆ ತಪ್ಪಿಸಲು ಅಷ್ಟು ಜನ ಮಾತ್ರೆ ನುಂಗಬೇಕು.

ಎರಡೂ ಲೆಕ್ಕ ಸರಿಯೇ. ಆದರೆ ಶೇ. 44 ಎನ್ನುವುದು ಬೆಲೆ ಹೇಳದೆ ರಿಯಾಯಿತಿ ಮಾತ್ರ ಹೇಳಿದಂತೆ. ಸಾವಿರ ರೂಪಾಯಿಯ ಸೀರೆಯ ಮೇಲೆ ಅರ್ಧ ಬಿಟ್ಟರೂ ಹತ್ತು ರೂಪಾಯಿಯ ಕರ್ಚೀಫಿನ ಮೇಲೆ ಅರ್ಧ ಬಿಟ್ಟರೂ ಫಲಕದಲ್ಲಿ ಬರೆಯುವುದು ‘ಶೇ. 50’ ಎಂದೇ.

ಕನ್ನಡ ವರದಿಗಳಲ್ಲಿ ಇನ್ನೊಂದು ಎಡವಟ್ಟಿದೆ, ಅದು ವಿಭಕ್ತಿಯದು. ‘ಶೇ. 44ರಷ್ಟು ಇಳಿಯಿತು’ ಎನ್ನುವುದಕ್ಕೂ ‘ಶೇ. 44ಕ್ಕೆ ಇಳಿಯಿತು’ ಎನ್ನುವುದಕ್ಕೂ ಅರ್ಥ ಬೇರೆ. ಅವಸರದ ಅನುವಾದದಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಂದುಬಿಡುತ್ತದೆ. ಅದಕ್ಕಿಂತ ಕೆಟ್ಟದ್ದು ‘ಶೇ. 44ರಷ್ಟು ಜನರಿಗೆ ಪ್ರಯೋಜನ’ ಎಂಬ ವಾಕ್ಯ. ಜುಪಿಟರ್‌ನಲ್ಲಿ ಈ ಪ್ರಯೋಜನ ಆದದ್ದು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಜನಕ್ಕೆ. ‘ಜನರಿಗೆ’ ಎಂಬ ಪದ ಕಂಡರೆ ನಾನು ಅಲ್ಲಿಯೇ ನಿಂತು ಮೂಲಕ್ಕೆ ಹೋಗುತ್ತೇನೆ.

ಮುಂದಿನ ಪ್ರಶ್ನೆ, ಇಷ್ಟು ಹೊತ್ತು ‘ತೊಂದರೆ’ ಎಂದೆನಲ್ಲ, ಅದು ಯಾವ ತೊಂದರೆ? ಇಲ್ಲಿ ಅದು ಐದು ಸಂಗತಿಗಳ ಮೂಟೆ: ಹೃದಯಾಘಾತ, ಪಾರ್ಶ್ವವಾಯು, ಎದೆನೋವಿನಿಂದ ಆಸ್ಪತ್ರೆ ಸೇರುವುದು, ಮುಚ್ಚಿದ ರಕ್ತನಾಳ ತೆರೆಯುವ ಸ್ಟೆಂಟ್ ಅಥವಾ ಬೈಪಾಸ್‌ನಂಥ ಚಿಕಿತ್ಸೆ, ಹೃದಯ-ರಕ್ತನಾಳದ ಕಾರಣದಿಂದ ಸಾವು. ಮೂಟೆ ಬಿಚ್ಚಿ ಹೃದಯಾಘಾತವೊಂದನ್ನೇ ನೋಡಿದರೆ 68ಕ್ಕೆ ಎದುರಾಗಿ 31. ಸಾಪೇಕ್ಷ ಇಳಿಕೆ ಶೇ. 54ಕ್ಕೆ ಏರುತ್ತದೆ, ತಲೆಬರಹಕ್ಕೆ ಇನ್ನೂ ಚೆಂದ. ನಿರಪೇಕ್ಷ ಇಳಿಕೆ ಮಾತ್ರ ಶೇ. 0.4ಕ್ಕೆ ಕುಸಿಯುತ್ತದೆ, 82 ಹೋಗಿ ಸುಮಾರು 240 ಆಗುತ್ತದೆ. ಒಂದು ಅಂಕಿ ಮೇಲೆ ಹೋದರೆ ಇನ್ನೊಂದು ಕೆಳಗೆ ಬರುವುದು ಏಕೆ? ಸಂಗತಿ ಅಪರೂಪವಾದಷ್ಟೂ ಕಳೆಯಲು ಸಿಗುವುದೇ ಕಡಿಮೆ, ಅದಕ್ಕೆ.

ಅವಧಿ ಹೇಳದ ನಿರಪೇಕ್ಷ ಅಪಾಯವೂ ಅರ್ಧ ಮಾತೇ. ಜುಪಿಟರನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು, ಜನರನ್ನು ಗಮನಿಸಿದ ಮಧ್ಯಮ ಅವಧಿ 1.9 ವರ್ಷ. ಪ್ರಬಂಧದಲ್ಲೇ 2 ವರ್ಷಕ್ಕೆ 95 ಜನ, 4 ವರ್ಷಕ್ಕೆ 31 ಜನ ಎಂದು ಕೊಟ್ಟಿದ್ದಾರೆ; ಅದನ್ನು ಮುಂದೆ ಎಳೆದು 5 ವರ್ಷಕ್ಕೆ 25 ಎಂದಿದ್ದಾರೆ. ನನ್ನ 82 ಇವಕ್ಕೆ ಹೊಂದದಿರಲು ಕಾರಣ, ನಾನು ಬೇರೆ ಬೇರೆ ಅವಧಿಯವರನ್ನೆಲ್ಲ ಒಟ್ಟಿಗೆ ಹಾಕಿ ಭಾಗಿಸಿದ್ದು. ಸುದ್ದಿಯಲ್ಲಿ 25 ಬಂದರೆ ನಾನು ಎಚ್ಚರವಾಗುತ್ತೇನೆ. ಅಷ್ಟು ಕಾಲ ಗಮನಕ್ಕೆ ಸಿಕ್ಕವರ ಮೇಲೆ ಎಣಿಸಿದ ಅಂಕಿ ಅದಲ್ಲ, ಗೆರೆಯನ್ನು ಮುಂದಕ್ಕೆ ಎಳೆದು ಪಡೆದದ್ದು.

ನನಗೆ ಹೆಚ್ಚು ಸಿಟ್ಟು ಬರಿಸುವುದು ಲಾಭಕ್ಕೊಂದು ಅಳತೆ, ನಷ್ಟಕ್ಕೊಂದು ಅಳತೆ ಹಿಡಿಯುವ ಬರವಣಿಗೆ. ಇದೇ ಪ್ರಯೋಗದಲ್ಲಿ ವೈದ್ಯರು ವರದಿ ಮಾಡಿದ ಹೊಸ ಸಕ್ಕರೆ ಕಾಯಿಲೆ ಔಷಧದ ಗುಂಪಿನಲ್ಲಿ 270 ಜನಕ್ಕೆ, ಹುಸಿ ಮಾತ್ರೆಯವರಲ್ಲಿ 216 ಜನಕ್ಕೆ. ‘ಅಪಾಯ ಶೇ. 44ರಷ್ಟು ಇಳಿಕೆ, ಸಕ್ಕರೆ ಕಾಯಿಲೆ ಶೇ. 0.6ರಷ್ಟು ಹೆಚ್ಚು’ ಎಂದು ಬರೆದರೆ ಎರಡೂ ಅಂಕಿ ನಿಜ, ಒಟ್ಟು ವಾಕ್ಯ ಮೋಸ. ಒಂದೇ ತಕ್ಕಡಿಯಲ್ಲಿ ಹಾಕಿದರೆ 44ರ ಎದುರು 25 ಬರಬೇಕು, ಇಲ್ಲವೇ 1.2ರ ಎದುರು 0.6. ಒಂದು ಪಾರ್ಶ್ವವಾಯುವಿಗೂ ಒಂದು ಹೊಸ ಸಕ್ಕರೆ ಕಾಯಿಲೆಗೂ ಒಂದೇ ತೂಕ ಅಂತಲ್ಲ. ತೂಗುವುದು ರೋಗಿ ಮತ್ತು ವೈದ್ಯರ ಕೆಲಸ, ಅವರ ಕೈಗೆ ಒಂದೇ ಜಾತಿಯ ಅಂಕಿ ಕೊಡುವುದು ವರದಿಗಾರರ ಕೆಲಸ.

ನಿರಪೇಕ್ಷ ಅಂಕಿ ಯಾವಾಗಲೂ ಔಷಧವನ್ನು ಸಣ್ಣದು ಮಾಡಿ ತೋರಿಸುತ್ತದೆ ಎಂದು ತಿಳಿಯುವುದೂ ತಪ್ಪು. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಪ್ರಯೋಗದಲ್ಲಿ ಅದೇ ಸ್ಟ್ಯಾಟಿನ್ ವರ್ಗದ ಸಿಮ್ವಾಸ್ಟ್ಯಾಟಿನ್ ಕೊಟ್ಟದ್ದು ಆಗಲೇ ಹೃದಯಾಘಾತ ಅಥವಾ ಎದೆನೋವು ಕಂಡಿದ್ದ 4,444 ಜನಕ್ಕೆ. ಸುಮಾರು 5.4 ವರ್ಷದಲ್ಲಿ ಹುಸಿ ಮಾತ್ರೆಯ ಗುಂಪಿನಲ್ಲಿ 256 ಸಾವು, ಔಷಧದ ಗುಂಪಿನಲ್ಲಿ 182. ಸಾಪೇಕ್ಷ ಇಳಿಕೆ ಶೇ. 30, ಜುಪಿಟರ್‌ನ 44ರ ಮುಂದೆ ಮಂಕಾಗಿ ಕಾಣುತ್ತದೆ. ಆದರೆ ನಿರಪೇಕ್ಷವಾಗಿ ಅದು ಶೇ. 3.3, ಅಂದರೆ 30 ಜನರಲ್ಲಿ ಒಂದು ಸಾವು ತಪ್ಪಿತು. ಅದೂ ಐದು ಸಂಗತಿಗಳ ಮೂಟೆಯಲ್ಲ, ಬರಿಯ ಸಾವು. ಅವಧಿ ಉದ್ದವಿತ್ತು ನಿಜ, ಆದರೆ ಅದಕ್ಕಿಂತ ದೊಡ್ಡ ಕಾರಣ ಆ ಜನರ ಆರಂಭದ ಅಪಾಯವೇ ಹೆಚ್ಚಾಗಿದ್ದದ್ದು.

ಹಾಗಾಗಿ ಸುದ್ದಿಯ ಶೇಕಡಾವನ್ನು ಓದುಗರು ತಮಗೆ ಅನ್ವಯಿಸಿಕೊಳ್ಳಬೇಕಾದರೆ ತಮ್ಮ ಆರಂಭದ ಅಪಾಯ ಎಷ್ಟೆಂದು ವೈದ್ಯರನ್ನು ಕೇಳಬೇಕು, ಆ ಅಂಕಿಯ ಮೇಲೆ ಶೇಕಡಾ ಹಾಕಬೇಕು. ಹತ್ತು ವರ್ಷದಲ್ಲಿ ನೂರಕ್ಕೆ 20 ಅಪಾಯ ಇರುವವರಿಗೆ ಶೇ. 30ರಷ್ಟು ಇಳಿಕೆ ಎಂದರೆ 6 ಕಳೆದು 14. ನೂರಕ್ಕೆ 2 ಇರುವವರಿಗೆ 1.4. ಎಣಿಕೆ ಇಲ್ಲದೆ ಶೇಕಡಾ ಮಾತ್ರ ಇರುವ ವರದಿಯಿಂದ ಈ ಯಾವುದನ್ನೂ ಹಿಂದಕ್ಕೆ ಎಳೆದು ತೆಗೆಯಲಾಗದು; ಅಂಥ ಕಡೆ ಪ್ರಯೋಗದ ಹೆಸರನ್ನಷ್ಟೇ ಬರೆದಿಟ್ಟುಕೊಂಡು ನಾನು ನೇರವಾಗಿ ಸಾರಾಂಶ ತೆರೆಯುತ್ತೇನೆ.