ಎಸ್‌ಐಪಿ ನಡೆಯುತ್ತಿರುವ ಪೋರ್ಟ್‌ಫೋಲಿಯೊಗೆ ಶಾರ್ಪ್ ಅನುಪಾತ ಹಾಕಿದ್ದು ಹೀಗೆ

ರಿಸ್ಕ್ ಇಲ್ಲದ ಬಡ್ಡಿಗಿಂತ ಹೆಚ್ಚು ಬಂದ ಗಳಿಕೆಯನ್ನು ಅದರ ಏರಿಳಿತದಿಂದ ಭಾಗಿಸಿದರೆ ಸಿಗುವುದೇ ಶಾರ್ಪ್ ಅನುಪಾತ. ಅದನ್ನು ಎಸ್‌ಐಪಿ ನಡೆಯುವ ಮನೆಯ ಪೋರ್ಟ್‌ಫೋಲಿಯೊಗೆ ಹಾಕುವುದಕ್ಕೆ, ಜಯನಗರ ನಾಲ್ಕನೇ ಬ್ಲಾಕ್‌ನಲ್ಲಿ ಶನಿವಾರ ಬೆಳಿಗ್ಗೆ ಸೇರುವ ನಮ್ಮ ಗುಂಪಿನಲ್ಲಿ ಒಪ್ಪಿಗೆ ಇರಲಿಲ್ಲ. "ಶಾರ್ಪ್ ಏನಿದ್ದರೂ ಫಂಡ್‌ಗಳಿಗೆ ಸಾರ್, ತಿಂಗಳು ತಿಂಗಳು ದುಡ್ಡು ಹಾಕುವ ನಮ್ಮಂಥವರಿಗೆ ಎಕ್ಸ್‌ಐಆರ್‌ಆರ್ ಸಾಕು" ಎಂಬುದೇ ಎಲ್ಲರ ಮಾತು. ಎಕ್ಸ್‌ಐಆರ್‌ಆರ್ ಕೊಡುವುದು ಒಂದೇ ಒಂದು ಸಂಖ್ಯೆ, ಹಣ ಹಾಕಿದ ತಾರೀಖುಗಳನ್ನು ಲೆಕ್ಕಕ್ಕೆ ಹಿಡಿದ ವಾರ್ಷಿಕ ಗಳಿಕೆಯ ದರ. ಆ ಗಳಿಕೆಗೆ ಎಷ್ಟು ಏರಿಳಿತ ತಿಂದೆವು ಎಂದು ಅದರಿಂದ ತಿಳಿಯುವುದಿಲ್ಲ, ಏಕೆಂದರೆ ಅದರೊಳಗೆ ತಿಂಗಳವಾರು ಸರಣಿಯೇ ಇಲ್ಲ. ಆ ಸರಣಿಯನ್ನು ನಾವೇ ಕಟ್ಟಿಕೊಳ್ಳಬೇಕು. ಈಗ ನನ್ನ ಶೀಟ್ ಪೈಸೆ ಮಟ್ಟಕ್ಕೆ ತಾಳೆಯಾಗುತ್ತಿದೆ, ಗುಂಪಿನಲ್ಲಿ ಮೂವರು ಅದನ್ನೇ ನಕಲು ಮಾಡಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಲೆಕ್ಕ 2020ರ ಜನವರಿಯಿಂದ 2024ರ ಡಿಸೆಂಬರ್‌ವರೆಗೆ, ಅರವತ್ತು ತಿಂಗಳು. ಶುರುವಿನಲ್ಲಿ ಸುಮಾರು ಐದು ಲಕ್ಷ, ಆಮೇಲೆ ತಿಂಗಳಿಗೆ ಇಪ್ಪತ್ತೈದು ಸಾವಿರ. ಮೊದಲ ಸಲ ತಿಂಗಳ ಕೊನೆಯ ಮೌಲ್ಯಗಳನ್ನು ಸಾಲಾಗಿ ಬರೆದು, ಒಂದರಿಂದ ಇನ್ನೊಂದಕ್ಕೆ ಶೇಕಡಾವಾರು ಬದಲಾವಣೆ ತೆಗೆದು ಸೂತ್ರಕ್ಕೆ ಕೊಟ್ಟೆ. ಉತ್ತರ 1.7ರ ಆಸುಪಾಸು ಬಂತು. ಅಷ್ಟು ಬರಲು ಸಾಧ್ಯವೇ ಇಲ್ಲ. ಜೇಬಿನಿಂದ ಹಾಕಿದ ಹಣವೂ ಗಳಿಕೆಯ ಕಾಲಂನಲ್ಲಿ ಕೂತಿತ್ತು.

ಇದಕ್ಕೆ ಮದ್ದು ಮ್ಯೂಚುವಲ್ ಫಂಡ್‌ಗಳು ಮೊದಲಿನಿಂದಲೂ ಮಾಡುತ್ತಿರುವುದೇ: ಮನೆಯ ಪೋರ್ಟ್‌ಫೋಲಿಯೊಗೂ ಯೂನಿಟ್ ಹಂಚಿ, ಮನೆಯದೇ ಒಂದು ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಕಟ್ಟುವುದು. ಒಂದು ತಿಂಗಳನ್ನು ಬಿಡಿಸಿ ತೋರಿಸುತ್ತೇನೆ. ತಿಂಗಳ ಶುರುವಿಗೆ ₹5,00,000 ಇದೆ, ಅದನ್ನು 5,000 ಯೂನಿಟ್ ಎಂದುಕೊಂಡರೆ ಎನ್‌ಎವಿ 100. ಹೊಸ ಹಣ ಸೇರುವ ದಿನ, ಅದು ಸೇರುವ ಮುಂಚೆ, ಮೌಲ್ಯ ₹5,10,000 ಆಗಿದೆ, ಅಂದರೆ ಎನ್‌ಎವಿ 102. ಈಗ ಬರುವ ₹25,000ಕ್ಕೆ 102ರ ದರದಲ್ಲಿ 245.098 ಹೊಸ ಯೂನಿಟ್. ಒಟ್ಟು 5,245.098. ಆಮೇಲೆ ಮಾರುಕಟ್ಟೆ ಇಳಿದು ತಿಂಗಳ ಕೊನೆಗೆ ಮೌಲ್ಯ ₹5,19,265. ಯೂನಿಟ್‌ಗಳಿಂದ ಭಾಗಿಸಿದರೆ ಎನ್‌ಎವಿ 99. ಆ ತಿಂಗಳ ನಿಜವಾದ ಗಳಿಕೆ ಮೈನಸ್ 1 ಶೇಕಡಾ. ನನ್ನ ಮೊದಲ ವಿಧಾನದಲ್ಲಿ ಅದೇ ತಿಂಗಳು ಪ್ಲಸ್ 3.85 ಶೇಕಡಾ ಎಂದು ಬಂದಿತ್ತು. ನಷ್ಟದ ತಿಂಗಳು ಲಾಭದ ತಿಂಗಳಾಗಿ ನಿಂತಿತ್ತು. ಹಣ ತೆಗೆದಾಗಲೂ ಇದೇ ಕ್ರಮ: ಆ ದಿನದ ಎನ್‌ಎವಿಯಲ್ಲಿ ಯೂನಿಟ್ ಕಡಿಮೆ ಮಾಡುವುದು.

ಇಷ್ಟಾದ ಮೇಲೂ ಎರಡನೇ ಸಲ ಕೆಟ್ಟಿತು. ದಿನದ ಲೆಕ್ಕದಲ್ಲಿ ನೋಡಿದರೆ ವಾರ್ಷಿಕ ಏರಿಳಿತ ಹತ್ತೊಂಬತ್ತು ಶೇಕಡಾ ಇರಬೇಕಾದದ್ದು ಅದಕ್ಕಿಂತ ಹೆಚ್ಚು ತೋರಿಸುತ್ತಿತ್ತು. ಗ್ರಾಫ್ ಹಾಕಿದಾಗ ಪ್ರತಿ ತಿಂಗಳೂ ಐದು-ಆರನೇ ತಾರೀಖಿಗೆ ಒಂದು ಹಲ್ಲು: ಒಂದು ದಿನ ಕುಸಿತ, ಶುರುವಿನ ತಿಂಗಳುಗಳಲ್ಲಿ ಐದು ಶೇಕಡಾದಷ್ಟು, ಮರುದಿನ ಅಷ್ಟೇ ಏರಿಕೆ. ಬ್ಯಾಂಕಿನಿಂದ ಹಣ ಹೋದ ದಿನವೇ ನಾನು ಯೂನಿಟ್ ಬರೆಯುತ್ತಿದ್ದೆ, ಆದರೆ ಫಂಡ್ ನಮಗೆ ಯೂನಿಟ್ ಕೊಡುವುದು ಹಣ ಅದರ ಕೈಸೇರಿದ ದಿನದ ಎನ್‌ಎವಿಯಲ್ಲಿ. 2021ರ ಫೆಬ್ರವರಿಯಿಂದ ನಿಯಮವೇ ಹಾಗಿದೆ. ನಡುವಿನ ದಿನಗಳಲ್ಲಿ ಆ ಇಪ್ಪತ್ತೈದು ಸಾವಿರ ಎಲ್ಲೂ ಕಾಣುವುದಿಲ್ಲ. ಶೀಟ್‌ನಲ್ಲಿ "ದಾರಿಯಲ್ಲಿರುವ ಹಣ" ಎಂದು ಒಂದು ಸಾಲು ಸೇರಿಸಿದೆ, ಹಲ್ಲು ಮಾಯವಾಯಿತು. ತಿಂಗಳ ಲೆಕ್ಕ ಮಾತ್ರ ಹಾಕುವವರಿಗೆ ಇದು ಕಾಣಿಸದೇ ಹೋಗಬಹುದು, ಆದರೆ ಎಸ್‌ಐಪಿ ತಾರೀಖು 28ರ ನಂತರ ಇದ್ದರೆ ತಿಂಗಳ ಗಡಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಷೇರುಗಳಲ್ಲಿ ಇದೇ ಬಗೆಯ ಹಲ್ಲು ಬೋನಸ್‌ನಿಂದ ಹುಟ್ಟುತ್ತದೆ. ವಿಪ್ರೋ 2024ರ ಡಿಸೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು. ಹಳೆಯ ಬೆಲೆಗಳನ್ನು ಬೋನಸ್‌ಗೆ ಹೊಂದಿಸಿ ಕೊಡುವ ತಾಣದಿಂದ ಬೆಲೆ ಎಳೆದು, ನಮ್ಮ ಷೇರು ಸಂಖ್ಯೆಯನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆದರೆ, ಅದಕ್ಕೆ ಮುಂಚಿನ ಎಲ್ಲ ತಿಂಗಳೂ ಅರ್ಧ ಮೌಲ್ಯ, ಆಮೇಲೆ ಒಂದೇ ಏಟಿಗೆ ದುಪ್ಪಟ್ಟು. ಬೆಲೆ ಹೊಂದಿಸಿದ್ದಾದರೆ ಸಂಖ್ಯೆಯನ್ನೂ ಹೊಂದಿಸಬೇಕು, ಇಲ್ಲವೇ ಎರಡನ್ನೂ ಅಂದಿನ ದಿನದಂತೆಯೇ ಇಡಬೇಕು. ಡಿವಿಡೆಂಡ್‌ದು ಇನ್ನೊಂದು ಬಗೆ: ಹೊಸದಾಗಿ ಕೊಂಡವರಿಗೆ ಡಿವಿಡೆಂಡ್ ಸಿಗದ ಮೊದಲ ದಿನ, ಅಂದರೆ ಎಕ್ಸ್-ಡೇಟ್ ದಿನವೇ, ಬೆಲೆ ಇಳಿಯುತ್ತದೆ, ಹಣ ಬ್ಯಾಂಕಿಗೆ ಬರುವುದು ವಾರಗಳ ನಂತರ. ಅದನ್ನು ಎಕ್ಸ್-ಡೇಟ್‌ನಿಂದಲೇ "ಬರಬೇಕಾದದ್ದು" ಎಂದು ಮೌಲ್ಯಕ್ಕೆ ಸೇರಿಸಿ, ಬ್ಯಾಂಕಿಗೆ ಬಂದ ದಿನ ಹೊರಹೋದ ಹಣ ಎಂದು ಬರೆಯುತ್ತೇನೆ.

ಇದೆಲ್ಲ ಸರಿಯಾಯಿತೇ ಎಂದು ನೋಡಲು ನಾನು ಕಂಡುಕೊಂಡ ಪರೀಕ್ಷೆಯ ಬಗ್ಗೆ ನನಗೆ ಹೆಮ್ಮೆ ಇದೆ. ಶೀಟ್‌ಗೆ ಒಂದೇ ಒಂದು ಇಂಡೆಕ್ಸ್ ಫಂಡ್, ಯೂನಿಟ್ ಸಿಕ್ಕ ದಿನದ ತಾರೀಖಿನಲ್ಲೇ ಬರೆದ ಅದರ ಎಸ್‌ಐಪಿಗಳು, ಇಷ್ಟನ್ನೇ ಕೊಡಿ. ಆಗ ಮನೆಯ ಎನ್‌ಎವಿಯ ತಿಂಗಳ ಗಳಿಕೆಗೂ ಆ ಫಂಡಿನ ಸ್ವಂತ ಎನ್‌ಎವಿಯ ಗಳಿಕೆಗೂ ವ್ಯತ್ಯಾಸ ಇರಕೂಡದು. ಫಂಡಿನ ಹಳೆಯ ಎನ್‌ಎವಿಗಳೆಲ್ಲ ಮ್ಯೂಚುವಲ್ ಫಂಡ್‌ಗಳ ಸಂಘವಾದ ಆಂಫಿಯ ತಾಣದಲ್ಲಿ ಸಿಗುತ್ತವೆ. ನನ್ನದರಲ್ಲಿ ಎಷ್ಟು ತಿದ್ದಿದರೂ ಒಂದು ಸೂಜಿಮೊನೆಯಷ್ಟು ವ್ಯತ್ಯಾಸ ಉಳಿಯುತ್ತಿತ್ತು, ಅದೂ 2020ರ ಜುಲೈನಿಂದ ಈಚೆಗೆ ಮಾತ್ರ. ಕೊನೆಗೆ ನೋಡಿದರೆ ಅದು ಸ್ಟ್ಯಾಂಪ್ ಡ್ಯೂಟಿ. 0.005 ಶೇಕಡಾ, ಅಂದರೆ ಇಪ್ಪತ್ತೈದು ಸಾವಿರಕ್ಕೆ ಒಂದೂಕಾಲು ರೂಪಾಯಿ, ₹24,998.75ಕ್ಕೆ ಮಾತ್ರ ಯೂನಿಟ್ ಬರುತ್ತದೆ. ಅಷ್ಟು ಸಣ್ಣದನ್ನೂ ಶೀಟ್ ಹಿಡಿದು ತೋರಿಸಿದ ದಿನ ಗುಂಪಿನ ವಾದ ನಿಂತಿತು.

ಇನ್ನು ಬಡ್ಡಿ. ರಿಸ್ಕ್ ಇಲ್ಲದ ದರಕ್ಕೆ ನಾನು ರಿಸರ್ವ್ ಬ್ಯಾಂಕ್ ವಾರವಾರ ಹರಾಜು ಹಾಕುವ 91 ದಿನದ ಟ್ರೆಷರಿ ಬಿಲ್ ಹಿಡಿಯುತ್ತೇನೆ. ಹಿಂದಿನ ತಿಂಗಳ ಕೊನೆಯ ಇಳುವರಿಯನ್ನು ಹನ್ನೆರಡರಿಂದ ಭಾಗಿಸಿ, ಆಯಾ ತಿಂಗಳ ಗಳಿಕೆಯಿಂದ ಕಳೆಯುವುದು. ತಿಂಗಳು ತಿಂಗಳು ಕಳೆಯಬೇಕು ಎಂಬುದೇ ಇಲ್ಲಿ ಮುಖ್ಯ. 2020-21ರಲ್ಲಿ ಆ ಇಳುವರಿ ಮೂರು-ಮೂರೂವರೆ ಇತ್ತು, 2023ರ ಹೊತ್ತಿಗೆ ಆರೂಮುಕ್ಕಾಲು. ಫಂಡ್‌ಗಳ ಫ್ಯಾಕ್ಟ್‌ಶೀಟ್‌ನಲ್ಲಿ ಅನೇಕ ಕಡೆ ಬ್ಯಾಂಕುಗಳ ನಡುವಿನ ಒಂದು ದಿನದ ಸಾಲದ ಬಡ್ಡಿಯಾದ ಮೈಬಾರ್ ದರವನ್ನು, ಅದೂ ಆ ದಿನದ್ದೊಂದನ್ನೇ, ಬರೆದಿರುತ್ತಾರೆ. ಇವತ್ತಿನ ಬಡ್ಡಿಯನ್ನು ಹಿಂದಿನ ಎಲ್ಲ ವರ್ಷಗಳಿಂದ ಕಳೆದರೆ, ಬಡ್ಡಿ ಕಡಿಮೆ ಇದ್ದ ಕಾಲದ ಗಳಿಕೆಗೆ ಅನ್ಯಾಯವಾಗುತ್ತದೆ. ನನ್ನ ಸರಣಿಯಲ್ಲಿ ಇದೊಂದರಿಂದಲೇ 0.50 ಇದ್ದದ್ದು 0.43ಕ್ಕೆ ಇಳಿಯಿತು. ಹಾಗಾಗಿ ಫ್ಯಾಕ್ಟ್‌ಶೀಟ್‌ನ ಸಂಖ್ಯೆಯ ಪಕ್ಕ ನಿಮ್ಮ ಸಂಖ್ಯೆ ಇಟ್ಟು ಹೋಲಿಸಬೇಡಿ. ಎರಡನ್ನೂ ನಿಮ್ಮ ಶೀಟ್‌ನಲ್ಲೇ ಹಾಕಿ ನೋಡಿ.

ಹೆಚ್ಚುವರಿ ಗಳಿಕೆ E ಕಾಲಂನಲ್ಲಿ ಕೂತ ಮೇಲೆ ಉಳಿಯುವುದು ಒಂದೇ ಸಾಲು:

```
=SQRT(12)*AVERAGE(E2:E61)/STDEV.S(E2:E61)
```

ನನಗೆ ಬಂದದ್ದು 0.50. ವರ್ಷಕ್ಕೆ ಹೆಚ್ಚುವರಿ ಗಳಿಕೆ ಸುಮಾರು 9.6 ಶೇಕಡಾ, ಏರಿಳಿತ ಸುಮಾರು 19.2. ಅದೇ ತಿಂಗಳುಗಳಿಗೆ ನಿಫ್ಟಿ 50ರ ಡಿವಿಡೆಂಡ್ ಸೇರಿದ ಸೂಚ್ಯಂಕ ನನಗಿಂತ ಸ್ವಲ್ಪ ಮೇಲೆ, 0.6ರ ಹತ್ತಿರ. ಡಿವಿಡೆಂಡ್ ಇಲ್ಲದ ನಿಫ್ಟಿ ಹಾಕಿಕೊಂಡು ತಾನೇ ಗೆದ್ದೆ ಎಂದುಕೊಳ್ಳುವವರು ಬಹಳ ಮಂದಿ ಇದ್ದಾರೆ.

ಈ 0.50 ಎಷ್ಟು ಗಟ್ಟಿ? ಮೊದಲ ಮೂರು ತಿಂಗಳು ಬಿಟ್ಟು ಅಳೆದು ನೋಡಿದೆ. 2020ರ ಮಾರ್ಚ್‌ನಲ್ಲಿ ನಿಫ್ಟಿ ಒಂದೇ ತಿಂಗಳಲ್ಲಿ 23 ಶೇಕಡಾ ಬಿದ್ದಿತ್ತು. ಅದನ್ನು ಲೆಕ್ಕದ ಅವಧಿಯಿಂದ ಆಚೆ ಇಟ್ಟ ಕೂಡಲೇ ನನ್ನ ಅನುಪಾತ 1.1. ಷೇರುಗಳು ಅವೇ, ಹಣವೂ ಅದೇ. 2023ರಲ್ಲಿ ಮೂರು ವರ್ಷದ ಶಾರ್ಪ್ ತೋರಿಸಿ ಫಂಡ್ ಮಾರಿದವರ ಅವಧಿ ಸರಿಯಾಗಿ ಆ ಕುಸಿತದ ಆಚೆಯಿಂದ ಶುರುವಾಗುತ್ತಿತ್ತು. ದೋಷದ ಅಂಚು ಹಾಕುವುದೂ ಕಷ್ಟವಲ್ಲ: ಇಷ್ಟು ಸಣ್ಣ ಅನುಪಾತಗಳಿಗೆ ಒಂದನ್ನು ವರ್ಷಗಳ ವರ್ಗಮೂಲದಿಂದ ಭಾಗಿಸಿದರೆ ಸಾಕಷ್ಟು ಹತ್ತಿರ ಬರುತ್ತದೆ. ಐದು ವರ್ಷಕ್ಕೆ 0.45. ನನ್ನ 0.50ಕ್ಕೂ ನಿಫ್ಟಿಯ 0.6ಕ್ಕೂ ಇರುವ ಅಂತರ ಈ ಅಂಚಿನ ಮುಂದೆ ಏನೇನೂ ಅಲ್ಲ.

ನಡುವೆ ಎಫ್‌ಡಿಯ ಪ್ರಯೋಗವೊಂದು ಮಾಡಿದೆ, ಅದನ್ನು ಹೇಳಲೇಬೇಕು. 6.7 ಶೇಕಡಾ ಎಫ್‌ಡಿಯನ್ನು ಪೋರ್ಟ್‌ಫೋಲಿಯೊ ಒಳಗೆ ಸೇರಿಸಿದರೆ, ನನ್ನ ಕಾಲದ ಟಿ-ಬಿಲ್ ಸರಾಸರಿ 5.2 ಇರುವುದರಿಂದ, ಒಂದೂವರೆ ಶೇಕಡಾ ಹೆಚ್ಚುವರಿ ಗಳಿಕೆ ಸಿಗುತ್ತದೆ, ಏರಿಳಿತ ಸೊನ್ನೆ. ಅರ್ಧ ಎಫ್‌ಡಿ ಇಟ್ಟರೆ ಅನುಪಾತ 0.58. ಎಂಬತ್ತು ಶೇಕಡಾ ಇಟ್ಟರೆ 0.81. ತೊಂಬತ್ತಕ್ಕೆ 1.2. ಷೇರು ಒಂದನ್ನೂ ಮುಟ್ಟದೆ ಜಾಣ್ಮೆ ದುಪ್ಪಟ್ಟಾದಂತೆ ಕಾಣುತ್ತದೆ. ಎಫ್‌ಡಿಗೆ ದಿನದಿನದ ಬೆಲೆ ಇಲ್ಲ ಎಂಬುದಷ್ಟೇ ಇದರ ಗುಟ್ಟು. ಬಡ್ಡಿದರ ಏರಿದಾಗ ಅದರ ಮೌಲ್ಯವೂ ಇಳಿಯುತ್ತದೆ, ಆದರೆ ಆ ಇಳಿಕೆ ಶೀಟ್‌ನಲ್ಲಿ ಕಾಣುವುದಿಲ್ಲ. ಅಪರೂಪಕ್ಕೆ ಬೆಲೆ ಹಚ್ಚುವ ಯಾವ ವಸ್ತು ಸೇರಿದರೂ ಹೀಗೇ ಆಗುತ್ತದೆ. ಸೈಟಿಗೆ ವರ್ಷಕ್ಕೊಮ್ಮೆ ಅಂದಾಜು ಬೆಲೆ ಬರೆಯುವವರು ಅದನ್ನು ಈ ಲೆಕ್ಕದಿಂದ ಹೊರಗೇ ಇಡಲಿ. ಲಿಕ್ವಿಡ್ ಫಂಡ್ ಸೇರಿಸಿದರೆ ಅನುಪಾತ ಹೆಚ್ಚುಕಡಿಮೆ ಅಲ್ಲಾಡಬಾರದು. ಅಲ್ಲಾಡಿದರೆ ಶೀಟ್‌ನಲ್ಲಿ ತಪ್ಪಿದೆ.

ನಮ್ಮೂರಿನ ಐಟಿ ಮಂದಿಗೆ ಕಂಪನಿ ತನ್ನದೇ ಷೇರಿನ ರೂಪದಲ್ಲಿ ಕೊಡುವ ಆರ್‌ಎಸ್‌ಯು ಇರುತ್ತದಲ್ಲ, ಅದು ವೆಸ್ಟ್ ಆಗಿ ಕೈಗೆ ಸೇರಿದ ದಿನ ಬಂದದ್ದು ಸಂಬಳ. ಆ ದಿನದ ಬೆಲೆ, ಆ ದಿನದ ಡಾಲರ್ ದರ ಹಿಡಿದು, ತೆರಿಗೆಗೆ ಮುರಿದುಕೊಂಡ ಷೇರುಗಳನ್ನು ಬಿಟ್ಟು, ಉಳಿದಷ್ಟನ್ನು ಒಳಬಂದ ಹಣ ಎಂದು ಯೂನಿಟ್ ಕೊಡಬೇಕು. ಗುಂಪಿನ ಒಬ್ಬರ ಶೀಟ್‌ನಲ್ಲಿ ಅದು ಗಳಿಕೆಯಾಗಿ ಕೂತು ಅನುಪಾತ ಎರಡು ದಾಟಿತ್ತು. ತಿದ್ದಿದ ಮೇಲೆ 0.4 ಚಿಲ್ಲರೆ.

ನನಗೆ ಕೊನೆಗೆ ಉಪಯೋಗಕ್ಕೆ ಬಂದದ್ದು ಎರಡು ಅನುಪಾತಗಳ ಅಕ್ಕಪಕ್ಕದ ಹೋಲಿಕೆ ಅಲ್ಲ. ವಿಲಿಯಂ ಶಾರ್ಪ್ 1994ರಲ್ಲಿ ತಮ್ಮ ಅನುಪಾತವನ್ನು ಮತ್ತೆ ವಿವರಿಸಿದಾಗ, ಕಳೆಯುವ ಜಾಗದಲ್ಲಿ ಬಡ್ಡಿಯ ಬದಲು ಯಾವ ಮಾನದಂಡವನ್ನಾದರೂ ಇಡಬಹುದು ಎಂದರು. ನಾನು E ಕಾಲಂನಲ್ಲಿ ಟಿ-ಬಿಲ್ ತೆಗೆದು ನಿಫ್ಟಿಯ ಗಳಿಕೆ ಇಟ್ಟೆ. ಇಬ್ಬರಿಗೂ ಸಮನಾದ ಮಾರುಕಟ್ಟೆಯ ಏರಿಳಿತ ಬಹುಪಾಲು ಕಳೆದುಹೋಗಿ ನನ್ನ ಆಯ್ಕೆಯ ಫಲ ಮಾತ್ರ ಉಳಿಯಿತು: ವರ್ಷಕ್ಕೆ ಮೈನಸ್ 1.4 ಶೇಕಡಾ, ಏರಿಳಿತ ಆರು, ಅನುಪಾತ ಮೈನಸ್ 0.23. ಸರಾಸರಿ ಹದಿನಾಲ್ಕು ಲಕ್ಷದ ಮೇಲೆ ವರ್ಷಕ್ಕೆ ಇಪ್ಪತ್ತು ಸಾವಿರದಷ್ಟು, ಐದು ವರ್ಷಕ್ಕೆ ಒಂದು ಲಕ್ಷ. ದೋಷದ ಅಂಚು ಇಲ್ಲೂ 0.45ರಷ್ಟೇ ಇರುವುದರಿಂದ ನನ್ನ ಆಯ್ಕೆ ಕೆಟ್ಟದ್ದೆಂದು ಸಾಬೀತಾಗಲಿಲ್ಲ, ಒಳ್ಳೆಯದೆಂದೂ ಆಗಲಿಲ್ಲ.

ಹಾಗಾಗಿ ಹಳೆಯ ಷೇರುಗಳನ್ನು ಮಾರಲಿಲ್ಲ. ಮಾರಿದರೆ ಒಂದೂಕಾಲು ಲಕ್ಷ ದಾಟಿದ ಲಾಭಕ್ಕೆ 12.5 ಶೇಕಡಾ ತೆರಿಗೆ ಖಚಿತ, ಸಿಗುವ ಅನುಕೂಲ ಮಾತ್ರ ಊಹೆ. ಹೊಸ ಎಸ್‌ಐಪಿ ಪೂರ್ತಿ ಇಂಡೆಕ್ಸ್ ಫಂಡಿಗೆ ತಿರುಗಿಸಿದೆ. ಯಾವ ಷೇರು ಏರಿಳಿತಕ್ಕೆ ಎಷ್ಟು ಪಾಲು ಕೊಡುತ್ತಿದೆ ಎಂದು ಒಡೆದು ನೋಡುವ ಕಾಲಂ ಒಂದು ನನ್ನ ಶೀಟ್‌ನಲ್ಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದರ ಆಧಾರದ ಮೇಲೆ ಎರಡು ಷೇರಿನ ತೂಕವನ್ನು, ಪ್ರತಿ ಮಾರ್ಚ್‌ನಲ್ಲಿ ಆ ಒಂದೂಕಾಲು ಲಕ್ಷದ ಮಿತಿಯೊಳಗೆ, ಅಷ್ಟಷ್ಟೇ ಇಳಿಸುತ್ತಿದ್ದೇನೆ.