138 ಸೈಕಲ್‌ಗೇ ಸೋತ ಬ್ಯಾಟರಿ

ಕಲಬುರಗಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಅಲ್ಲಿನ ಲ್ಯಾಪ್‌ಟಾಪ್‌ಗೆ ಬೆಳಿಗ್ಗೆ ಚಾರ್ಜರ್ ಸಿಕ್ಕಿಸಿದರೆ ತೆಗೆಯುತ್ತಿದ್ದುದು ರಾತ್ರಿ ಬಾಗಿಲು ಹಾಕುವಾಗಲೇ. ಬ್ಯಾಟರಿಯನ್ನು ಬಳಸದೆ ಉಳಿಸುತ್ತಿದ್ದೇನೆ ಎಂದೇ ನಂಬಿದ್ದೆ. ಎರಡು ವರ್ಷ ಹತ್ತು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಪರದೆಯ ಮೂಲೆಯಲ್ಲಿ 26% ಎಂದು ತೋರಿಸುತ್ತಿದ್ದಾಗಲೇ ಯಂತ್ರ ದಿಢೀರನೆ ಆರಿಹೋಯಿತು. ಮದುವೆ ಪತ್ರಿಕೆಯೊಂದರ ಅರ್ಧ ಕೆಲಸ ಅದರೊಂದಿಗೇ ಹೋಯಿತು.

ಅಂದು ಸಂಜೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಈ ಒಂದು ಸಾಲು ಟೈಪ್ ಮಾಡಿದೆ:

```
powercfg /batteryreport
```

`battery-report.html` ಎಂಬ ಕಡತ ಸಿದ್ಧವಾಯಿತು. ಅದು ಎಲ್ಲಿ ಉಳಿದಿದೆ ಎಂಬುದನ್ನು ಆ ಕಿಟಕಿಯೇ ತಿಳಿಸುತ್ತದೆ. ಅದರಲ್ಲಿ ನಾನು ನೋಡಿದ್ದು ಮೂರೇ ಸಾಲು. `DESIGN CAPACITY` 45,000 mWh, ಅಂದರೆ ಹೊಸದಿದ್ದಾಗ ಹಿಡಿಯಬೇಕಾದ ಶಕ್ತಿ. `FULL CHARGE CAPACITY` 28,350, ಅಂದರೆ ಈಗ ಹಿಡಿಯುತ್ತಿರುವುದು, ಶೇಕಡಾ 63. `CYCLE COUNT` ಬರೀ 138.

ನನ್ನೊಂದಿಗೇ ಅದೇ ಮಾದರಿಯ ಲ್ಯಾಪ್‌ಟಾಪ್ ಕೊಂಡಿದ್ದ ತಂಗಿ ಮಡಿಕೇರಿಯಲ್ಲಿ ಶಿಕ್ಷಕಿ. ಅವಳು ದಿನವೂ ಶಾಲೆಗೆ ಒಯ್ದು ಬ್ಯಾಟರಿಯಲ್ಲೇ ಪಾಠ ನಡೆಸುತ್ತಾಳೆ. ಅವಳಿಂದಲೂ ವರದಿ ತರಿಸಿಕೊಂಡೆ. 412 ಸೈಕಲ್ ಆಗಿತ್ತು, ಉಳಿದಿದ್ದು 36,900, ಅಂದರೆ ಶೇಕಡಾ 82. "ಅಣ್ಣ, ಹೆಚ್ಚು ದುಡಿಸಿದ್ದು ನಾನು, ಸೋತದ್ದು ನಿನ್ನದಾ?" ಎಂದು ಕೇಳಿದಳು.

ಸೈಕಲ್ ಎಂದರೆ ಚಾರ್ಜರ್ ಸಿಕ್ಕಿಸಿದ ಸಲ ಅಲ್ಲ. ಇವತ್ತು ಅರ್ಧ, ನಾಳೆ ಅರ್ಧ ಖರ್ಚಾದರೆ ಅದು ಒಂದು ಸೈಕಲ್. ಅದು ಬಳಕೆಯ ಸವೆತವನ್ನಷ್ಟೇ ಎಣಿಸುತ್ತದೆ. ಲಿಥಿಯಂ ಬ್ಯಾಟರಿ ಸುಮ್ಮನೆ ಕುಳಿತರೂ ಮುದಿಯಾಗುತ್ತದೆ. ಪೂರ್ತಿ ತುಂಬಿ ವೋಲ್ಟೇಜ್ ಏರಿರುವಾಗ ಒಳಗಿನ ರಾಸಾಯನಿಕ ದ್ರವ ನಿಧಾನವಾಗಿ ಕೆಡುತ್ತದೆ, ಚಾರ್ಜ್ ಹೊರಬೇಕಾದ ಲಿಥಿಯಂ ಆ ಕೆಡುಕಿನಲ್ಲಿ ಸಿಕ್ಕಿಬೀಳುತ್ತದೆ. ಶಾಖ ಇದನ್ನು ಚುರುಕುಗೊಳಿಸುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವಂಥದ್ದು, ಅದರ ಮೇಲೆ ನನ್ನ ಬ್ಯಾಟರಿ ದಿನವಿಡೀ 100ರಲ್ಲೇ ನಿಂತಿರುತ್ತಿತ್ತು. ವಿದ್ಯುತ್ ಹರಿಯಲು ಬ್ಯಾಟರಿಯೊಳಗೇ ಇರುವ ತಡೆಯೂ ಏರಿದ್ದರಿಂದ ಸ್ವಲ್ಪ ಭಾರ ಬಿದ್ದೊಡನೆ ವೋಲ್ಟೇಜ್ ಕುಸಿಯುತ್ತಿತ್ತು. 26ಕ್ಕೇ ಆರಿಹೋಗಲು ಕಾರಣ ಅದೇ.

ಬದಲಿಸಲು ಹೊರಟಾಗ ಒಂದು ತಪ್ಪು ಮಾಡಿದೆ. ಬೆಲೆ ಕಡಿಮೆಯೆಂದು ಆನ್‌ಲೈನ್‌ನಲ್ಲಿ ಒಂದನ್ನು ತರಿಸಿದೆ. ಹಾಕಿ ವರದಿ ತೆಗೆದರೆ 45,000ಕ್ಕೆ 45,000, ಸೈಕಲ್ ಸೊನ್ನೆ. ಅಷ್ಟು ದುಂಡಗಿನ ಅಂಕಿ ಕಂಡಾಗಲೇ ಅನುಮಾನ ಪಡಬೇಕಿತ್ತು. ಆ ಅಂಕಿಗಳನ್ನು ಹೇಳುವುದು ಬ್ಯಾಟರಿಯೊಳಗಿನ ಚಿಪ್, ಅದರಲ್ಲಿ ಯಾರು ಏನನ್ನು ಬೇಕಾದರೂ ಬರೆದಿಡಬಹುದು. ನಿಜ ಹೇಳಿದ್ದು ಗಡಿಯಾರ. ಪರದೆಯ ಬೆಳಕನ್ನು ಅರ್ಧಕ್ಕಿಟ್ಟು ಬರೀ ಟೈಪಿಂಗ್ ಮಾಡಿದರೆ ನನ್ನ ಯಂತ್ರ ಸುಮಾರು 9 ವ್ಯಾಟ್ ತಿನ್ನುತ್ತದೆ. 45,000 mWh ಎಂದರೆ 45 ವ್ಯಾಟ್-ಅವರ್, ಅದಕ್ಕೆ ಐದು ಗಂಟೆ ಬರಬೇಕು. ಬಂದದ್ದು ಎರಡು ಗಂಟೆ ಹತ್ತು ನಿಮಿಷ, ಅಂದರೆ ಒಳಗಿದ್ದದ್ದು ಸುಮಾರು 20 ವ್ಯಾಟ್-ಅವರ್ ಮಾತ್ರ. ವಾಪಸು ಕಳಿಸಿದೆ.

ಎರಡನೆಯದನ್ನು ತಯಾರಕರ ಸೇವಾ ಕೇಂದ್ರದಲ್ಲೇ ಹಾಕಿಸಿದೆ, 4,200 ರೂಪಾಯಿ ಆಯಿತು. ಹಳೆಯದನ್ನು ಹೊರತೆಗೆದಾಗ ಅದರ ನಡುಭಾಗ ಹಪ್ಪಳದಂತೆ ಉಬ್ಬಿತ್ತು. ಟಚ್‌ಪ್ಯಾಡ್ ಒಂದು ತಿಂಗಳಿನಿಂದ ಒತ್ತಿದರೆ ಕೆಳಗಿಳಿಯುತ್ತಿರಲಿಲ್ಲ, ದೂಳು ಸೇರಿದೆ ಎಂದುಕೊಂಡಿದ್ದೆ. ಅದು ಅಡಿಯಿಂದ ಬ್ಯಾಟರಿ ಒತ್ತುತ್ತಿದ್ದ ಲಕ್ಷಣ. ಹಾಗೆ ಉಬ್ಬಿದ್ದನ್ನು ಒತ್ತಬಾರದು, ಚುಚ್ಚಬಾರದು, ಕಸದ ಬುಟ್ಟಿಗೂ ಹಾಕಬಾರದು, ಬೆಂಕಿ ಹೊತ್ತಿಕೊಳ್ಳಬಹುದು. ಇ-ತ್ಯಾಜ್ಯಕ್ಕೆಂದು ಅದನ್ನು ಅಲ್ಲಿಯೇ ಕೊಟ್ಟು ಬಂದೆ.

ಹೊಸ ಬ್ಯಾಟರಿ ಮೊದಲ ದಿನ 43,900 ತೋರಿಸಿತು. ಹೊಸದಾದರೂ ತಯಾರಾಗಿ ಕೆಲವು ತಿಂಗಳು ಗೋದಾಮಿನಲ್ಲಿ ಕಳೆದಿರುತ್ತದೆ, ಎರಡು-ಮೂರು ಶೇಕಡಾ ಕಡಿಮೆ ಇದ್ದರೆ ಜಗಳ ಮಾಡಬೇಕಿಲ್ಲ. ಗಡಿಯಾರದ ಪರೀಕ್ಷೆಯಲ್ಲಿ ನಾಲ್ಕು ಗಂಟೆ ಐವತ್ತು ನಿಮಿಷ ಬಂತು. ಅಂದೇ ತಯಾರಕರ ತಂತ್ರಾಂಶದಲ್ಲಿ ಚಾರ್ಜ್ ಮಿತಿಯನ್ನು 80ಕ್ಕೆ ಇಟ್ಟೆ. ಹಾಗಾಗಿ ಈಗ ಕರೆಂಟ್ ಹೋದರೆ ಸಿಗುವುದು ನಾಲ್ಕು ಗಂಟೆಗಿಂತ ಸ್ವಲ್ಪ ಕಡಿಮೆ, ನನಗೆ ಅಷ್ಟು ಸಾಕು. ಹೊರಗೂರಿಗೆ ಹೋಗುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸುತ್ತೇನೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಯಂತ್ರವನ್ನು ಕಿಟಕಿಯ ಬಿಸಿಲಿನಿಂದ ದೂರ, ಗಾಳಿ ಆಡುವಂತೆ ಸ್ಟ್ಯಾಂಡ್ ಮೇಲೆ ಇಡುತ್ತೇನೆ.

ಹದಿನಾಲ್ಕು ತಿಂಗಳಾಗಿದೆ. ಕಳೆದ ಭಾನುವಾರ ವರದಿ ತೆಗೆದೆ: 61 ಸೈಕಲ್, 41,850. ಹಳೆಯ ಬ್ಯಾಟರಿಯ ವರದಿಯನ್ನೂ ಉಳಿಸಿಕೊಂಡಿದ್ದೆ. ಅದರ ಇತಿಹಾಸದ ಪಟ್ಟಿಯಲ್ಲಿ ಇದೇ ವಯಸ್ಸಿಗೆ 37,000 ಎಂದಿದೆ.