ಡೇರಿ ಪಾಸ್‌ಪುಸ್ತಕದ ಫೋಟೊದಿಂದ ಬಟವಾಡೆ ತಾಳೆ ನೋಡಿದ್ದು

ತಿಂಗಳ ಬಟವಾಡೆ ಸರಿಯಾಗಿದೆಯೇ ಎಂದು ನೋಡಲು ಡೇರಿ ಪಾಸ್‌ಪುಸ್ತಕದ ಕೊನೆಯ ಮೊತ್ತವನ್ನಷ್ಟೇ ಕೂಡಿದರೆ ಸಾಲದು. ಮೂವತ್ತು ದಿನಕ್ಕೆ ಬೆಳಿಗ್ಗೆ, ಸಂಜೆ ಸೇರಿ 60 ಸಾಲುಗಳಿರುತ್ತವೆ. ಅಷ್ಟನ್ನೂ ಕೈಯಲ್ಲಿ ಬರೆದುಕೊಳ್ಳುವ ಬದಲು ನಾನು ಪುಟಗಳ ಫೋಟೊ ತೆಗೆದು, ಮೊಬೈಲಿನಲ್ಲಿ ಅಂಕಿಗಳನ್ನು ಪಠ್ಯವಾಗಿಸಿ, ಸ್ಪ್ರೆಡ್‌ಶೀಟಿಗೆ ಹಾಕಿದೆ. ಪುಸ್ತಕವನ್ನು ಹಗಲು ಬೆಳಕಿನಲ್ಲಿ ಚಪ್ಪಟೆಯಾಗಿ ಹರಡಿ, ಒಂದೊಂದೇ ಪುಟವನ್ನು ನೇರ ಮೇಲಿನಿಂದ ತೆಗೆಯಬೇಕು. ಹೊಲಿಗೆಯ ಬಳಿ ನೆರಳು ಬಿದ್ದರೆ ಅಲ್ಲಿನ ಅಂಕಣವೇ ಕೆಡುತ್ತದೆ.

ಹೀಗೆ ಬಂದ ಅಂಕಿಗಳನ್ನು ಹಾಗೆಯೇ ನಂಬುವಂತಿಲ್ಲ. ಮೊದಲು ಮಾಯವಾಗುವುದು ದಶಮಾಂಶದ ಚುಕ್ಕಿ. ಆದರೆ ಪ್ರತಿ ಸಾಲೂ ತನ್ನ ತಪ್ಪನ್ನು ತಾನೇ ತೋರಿಸಿಕೊಡುತ್ತದೆ, ಏಕೆಂದರೆ ಲೀಟರನ್ನು ದರದಿಂದ ಗುಣಿಸಿದರೆ ಮೊತ್ತ ಬರಲೇಬೇಕು. C ಅಂಕಣದಲ್ಲಿ ಲೀಟರ್, F ನಲ್ಲಿ ದರ, G ನಲ್ಲಿ ಮೊತ್ತ ಇಟ್ಟು ಪಕ್ಕದಲ್ಲಿ ಇದನ್ನು ಬರೆದೆ:

```
=ROUND(C2*F2-G2,2)
```

ಸೊನ್ನೆ ಬಾರದ ಸಾಲುಗಳನ್ನಷ್ಟೇ ಪುಸ್ತಕದೊಂದಿಗೆ ಹೋಲಿಸಿದೆ. ಒಂದು ಕಡೆ 64 ಲೀಟರ್ ಎಂದಿತ್ತು, ದರ 35.20, ಮೊತ್ತ 225.28. ಭಾಗಿಸಿದರೆ 6.4 ಲೀಟರ್. ಇನ್ನೊಂದು ಕಡೆ 5.8 ಎಂದಿದ್ದದ್ದು, ಮೊತ್ತ 173.00 ಮತ್ತು ದರ 34.60 ಇದ್ದುದರಿಂದ, ನಿಜವಾಗಿ 5.0 ಆಗಿತ್ತು. ಸೊನ್ನೆಯನ್ನು ಮೊಬೈಲ್ ಎಂಟೆಂದು ಓದಿತ್ತು.

ಇಷ್ಟಾದ ಮೇಲೆ ಎಲ್ಲ ಸಾಲೂ ಸೊನ್ನೆಗೆ ಬಂದವು. ನಾನು ಅಲ್ಲಿಗೇ ನಿಲ್ಲಿಸಿದ್ದರೆ ನಿಜವಾದ ತಪ್ಪು ಸಿಗುತ್ತಿರಲಿಲ್ಲ. ಗುಣಾಕಾರ ಸರಿಯಿದ್ದೂ ದರವೇ ತಪ್ಪಾಗಿರಬಹುದು. ಹಾಗಾಗಿ ಸಾಲುಗಳನ್ನು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಪ್ರಕಾರ ಜೋಡಿಸಿದೆ. ದರಪಟ್ಟಿ ಬದಲಾಗದ ತಿಂಗಳಲ್ಲಿ ಎರಡೂ ಒಂದೇ ಇದ್ದರೆ ದರವೂ ಒಂದೇ ಇರಬೇಕು. ಎಸ್‌ಎನ್‌ಎಫ್ 8.5 ಇದ್ದ ದಿನಗಳಲ್ಲಿ ಫ್ಯಾಟ್ 3.9 ಕ್ಕೆ 34.60, 4.1 ಕ್ಕೆ 35.20, 4.3 ಕ್ಕೆ 35.80 ಇತ್ತು. ಆದರೆ ಎರಡು ಸಂಜೆ 4.3 ಕ್ಕೂ 34.60 ಎಂದೇ ಬರೆದಿತ್ತು. ಆ ಎರಡು ಸಂಜೆಯ ಹಾಲು ಒಟ್ಟು 12.5 ಲೀಟರ್, ಲೀಟರಿಗೆ 1.20 ರಂತೆ ಕೊರತೆ 15 ರೂಪಾಯಿ.

ಯಂತ್ರದ ಚೀಟಿಗಳಲ್ಲೂ 4.3 ಎಂದೇ ಇತ್ತು. ಆ ಚೀಟಿಯ ಅಕ್ಷರ ಬೇಗ ಮಾಸುವುದರಿಂದ ಅದರ ಫೋಟೊವನ್ನು ಅಂದೇ ತೆಗೆದಿಡುವುದು ನನ್ನ ರೂಢಿ. ಕಾರ್ಯದರ್ಶಿಯವರು ದರಪಟ್ಟಿ ನೋಡಿ, ಮೇಲಿನ ಸಾಲಿನ ದರ ಕೆಳಗೆ ಇಳಿದಿದೆ ಎಂದು ಒಪ್ಪಿ, ಮುಂದಿನ ಬಟವಾಡೆಗೆ ಸೇರಿಸಿದರು.

ಬ್ಯಾಂಕಿಗೆ ಬಂದ ಹಣದೊಂದಿಗೆ ಹೋಲಿಸುವಾಗ ಪಶು ಆಹಾರದ ಬಾಬ್ತಿನ ಕಡಿತವನ್ನು ಕಳೆಯಬೇಕು. ಕರ್ನಾಟಕ ಸರ್ಕಾರದ ಪ್ರೋತ್ಸಾಹಧನ ಬೇರೆಯಾಗಿ ಖಾತೆಗೆ ಬರುತ್ತದೆ, ಅದನ್ನು ಇದರಲ್ಲಿ ಬೆರೆಸಬಾರದು. ಈ ಲೆಕ್ಕ ಹಿಡಿಯುವುದು ಬರವಣಿಗೆಯ ತಪ್ಪನ್ನು ಮಾತ್ರ. ಫ್ಯಾಟ್ ಅಳತೆಯ ಮೇಲೇ ಅನುಮಾನವಿದ್ದರೆ, ಹಾಲು ಕೊಟ್ಟ ಆ ಗಳಿಗೆಯಲ್ಲೇ ಅದೇ ಮಾದರಿಯನ್ನು ಇನ್ನೊಮ್ಮೆ ಪರೀಕ್ಷಿಸಲು ಕೇಳಬೇಕು.